ಸ್ವೆಟರಿನ ಒಳಚೀಟಿ ಹೇಳುವುದು, ಹೇಳದಿರುವುದು

ಚಳಿಗಾಲ ಹತ್ತಿರವಾಗುತ್ತಿದ್ದಂತೆ ಮೊಬೈಲಿನಲ್ಲಿ ಸ್ವೆಟರ್ ಹುಡುಕುವವರ ಕಣ್ಣಿಗೆ ಇಂಥದ್ದೊಂದು ತಲೆಬರಹ ಬಿದ್ದೇ ಬೀಳುತ್ತದೆ: ‘ಉಣ್ಣೆ ಸ್ವೆಟರ್, ಪ್ರೀಮಿಯಂ, ಅತಿ ಮೃದು, ಅತಿ ಬೆಚ್ಚಗೆ’. ಬೆಲೆಯೂ ಕೈಗೆಟಕುವಂತಿದೆ, ಚಿತ್ರವೂ ಚೆನ್ನಾಗಿದೆ. ಆದರೆ ಪುಟವನ್ನು ಕೆಳಕ್ಕೆ ಸರಿಸುತ್ತ ಹೋಗಿ ‘ಬಟ್ಟೆ’ ಎಂಬ ಸಾಲಿಗೆ ಬಂದರೆ ಅಲ್ಲಿರುವುದು ‘ಅಕ್ರಿಲಿಕ್ 100%’. ತಲೆಬರಹ ಬರೆದವರು ಉಣ್ಣೆ ಎಂದರೆ ಚಳಿಗೆ ಹಾಕುವ ದಪ್ಪ ಬಟ್ಟೆ ಎಂದುಕೊಂಡಿದ್ದಾರೆ. ಕುರಿಯ ಮೈಮೇಲಿನ ಒಂದು ಎಳೆಯೂ ಆ ಸ್ವೆಟರಿನಲ್ಲಿಲ್ಲ.

ಉಣ್ಣೆ ಬಟ್ಟೆ ಕೊಳ್ಳುವವರು ಕೇಳುವುದು ಸಾಮಾನ್ಯವಾಗಿ ಮೂರೇ ಪ್ರಶ್ನೆ. ಬೆಚ್ಚಗಿರುತ್ತದೆಯೇ? ಮೈಗೆ ಚುಚ್ಚುತ್ತದೆಯೇ? ಒಗೆದರೆ ಕುಗ್ಗುತ್ತದೆಯೇ? ಈ ಮೂರಕ್ಕೂ ಉತ್ತರ ಇರುವುದು ಎಳೆಯಲ್ಲಿ. ಅದು ಯಾವುದರ ಎಳೆ, ಎಷ್ಟು ದಪ್ಪ, ಅದರ ಮೇಲ್ಮೈ ಹೇಗಿದೆ ಎಂಬುದರಲ್ಲಿ. ಸ್ವೆಟರಿನ ಎಡ ಪಕ್ಕದ ಹೊಲಿಗೆಯಲ್ಲಿ, ಒಳಗಡೆ, ಸಿಕ್ಕಿಸಿರುವ ಬಿಳಿಯ ಚೀಟಿ ಮೊದಲನೆಯದನ್ನು ಹೇಳುತ್ತದೆ, ಎರಡನೆಯದನ್ನು ಬಹುಮಟ್ಟಿಗೆ ಮುಚ್ಚಿಡುತ್ತದೆ, ಮೂರನೆಯದನ್ನು ಚಿಹ್ನೆಗಳಲ್ಲಿ ಸೂಚಿಸುತ್ತದೆ. ಅದನ್ನು ಓದಲು ಕಲಿತರೆ ದುಡ್ಡೂ ಉಳಿಯುತ್ತದೆ, ಸ್ವೆಟರೂ ಉಳಿಯುತ್ತದೆ.

ಮೊದಲು ಎಳೆಯ ಮಾತು. ನಮ್ಮ ಊರುಗಳಲ್ಲಿ ಚಳಿಗಾಲಕ್ಕೆ ಬೀದಿ ಬದಿಯಲ್ಲಿ ಸಾಲಾಗಿ ಟೆಂಟು ಹಾಕಿ ಟಿಬೆಟಿಯನ್ನರು ಸ್ವೆಟರ್ ಮಾರುವುದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ಸಿಗುವ ಸರಕಿನ ದೊಡ್ಡ ಪಾಲು ಪಂಜಾಬಿನ ಲೂಧಿಯಾನಾದ ಹೆಣಿಗೆ ಕಾರ್ಖಾನೆಗಳಿಂದ ಬರುತ್ತದೆ, ಮತ್ತು ಅದರಲ್ಲಿ ಬಹಳಷ್ಟು ಅಕ್ರಿಲಿಕ್ಕೇ. ಅಕ್ರಿಲಿಕ್ ಎಂದರೆ ಪೆಟ್ರೋಲಿಯಂ ಮೂಲದ ರಾಸಾಯನಿಕದಿಂದ ತೆಗೆದ ಎಳೆ. ಉಣ್ಣೆಯ ಉಬ್ಬು, ಮೃದುತನವನ್ನು ಅನುಕರಿಸಲೆಂದೇ ತಯಾರಾದದ್ದು. ಹೆಣಿಗೆ ಹಾಕುವ ಮನೆಗಳಲ್ಲಿ ‘ಕ್ಯಾಶ್ಮಿಲಾನ್’ ಎಂದು ಕರೆಯುವ ನೂಲೂ ಇದೇ. ದುಬಾರಿ ಕ್ಯಾಶ್ಮೀರ್‌ಗೂ ಇದಕ್ಕೂ ಸಂಬಂಧವಿಲ್ಲ. ಅದು ಮೇಕೆಯ ಒಳಗೂದಲು, ಇದು ಜಪಾನಿನ ಕಂಪನಿಯೊಂದು ತನ್ನ ಅಕ್ರಿಲಿಕ್ಕಿಗೆ ಇಟ್ಟ ಹೆಸರು. ಅಕ್ರಿಲಿಕ್ಕನ್ನು ತೆಗಳಬೇಕಿಲ್ಲ. ಅದು ಅಗ್ಗ, ಸಾಮಾನ್ಯವಾಗಿ ಚುಚ್ಚುವುದಿಲ್ಲ, ಯಂತ್ರದಲ್ಲಿ ಒಗೆದರೂ ಉಣ್ಣೆಯ ಹಾಗೆ ಗಂಟುಗಟ್ಟುವುದಿಲ್ಲ, ಹುಳ ತಿನ್ನುವುದಿಲ್ಲ. ಶಾಲೆಗೆ ಹೋಗುವ ಮಗು ವಾರಕ್ಕೆ ಐದು ದಿನ ಹಾಕಿ ಕೊಳೆ ಮಾಡುವ ಸ್ವೆಟರಿಗೆ ಅದೇ ಸರಿಯಾದ ಆಯ್ಕೆ ಎಂದು ನನಗನ್ನಿಸುತ್ತದೆ. ಆದರೆ ಅದು ಬೆವರನ್ನು ಹೀರುವುದಿಲ್ಲ. ಕೆಲವು ತಿಂಗಳಲ್ಲಿ ಮೊಣಕೈ ಮತ್ತು ಕಂಕುಳ ಬಳಿ ಸಣ್ಣ ಉಂಡೆಗಳೇಳುತ್ತವೆ. ಬೆಂಕಿಯ ಹತ್ತಿರ ಕರಗಿ ಮೈಗೆ ಅಂಟುತ್ತದೆ. ಉಣ್ಣೆಯ ಬೆಲೆ ಕೊಟ್ಟು ಅದನ್ನು ತರುವುದು ಮಾತ್ರ ನಷ್ಟ.

ಚೀಟಿಯಲ್ಲಿ ‘ವೂಲ್’ ಎಂದಿದ್ದರೂ ಶೇಕಡಾ ಎಷ್ಟು ಎಂಬುದನ್ನು ನೋಡಬೇಕು. ವೂಲ್‌ಮಾರ್ಕ್ ಎಂಬ, ನೂಲಿನ ಉಂಡೆಯಂತೆ ಕಾಣುವ ಕಪ್ಪುಬಿಳುಪು ಗುರುತು 1964ರಿಂದ ಇದೆ. ಹೆಚ್ಚುವರಿ ಮಾತುಗಳಿಲ್ಲದ ಆ ಮೂಲ ಗುರುತು ಇದ್ದರೆ ಅದು ಪೂರ್ತಿ ಹೊಸ ಉಣ್ಣೆ ಎಂದರ್ಥ. ‘ಬ್ಲೆಂಡ್’ ಎಂದು ಸೇರಿದ್ದರೆ ಬೇರೆ ಎಳೆಯೂ ಬೆರೆತಿದೆ. ಬೆರಕೆ ಎಲ್ಲವೂ ಮೋಸವಲ್ಲ. ಕಾಲುಚೀಲದಲ್ಲೋ ಸ್ವೆಟರಿನಲ್ಲೋ ಹತ್ತಿಪ್ಪತ್ತು ಪಾಲು ನೈಲಾನ್ ಸೇರಿಸುವುದು ಬಾಳಿಕೆಗಾಗಿ. ಆದರೆ ‘ಅಕ್ರಿಲಿಕ್ 90%, ವೂಲ್ 10%’ ಎಂದಿರುವ ಬಟ್ಟೆಯಲ್ಲಿ ಉಣ್ಣೆ ಇರುವುದು ತಲೆಬರಹಕ್ಕೆ ಮಾತ್ರ.

ರಗ್ಗು, ಕಂಬಳಿಗಳ ವಿಷಯದಲ್ಲಿ ಇನ್ನೊಂದು ಸಂಗತಿ ತಿಳಿದಿರಬೇಕು. ಹರಿಯಾಣದ ಪಾಣಿಪತ್ ಹಳೆಯ ಉಣ್ಣೆ ಬಟ್ಟೆಗಳನ್ನು ಮರುಬಳಸುವ ದೊಡ್ಡ ಕೇಂದ್ರ. ವಿದೇಶಗಳಿಂದ ಬಂದ ಹಳೆ ಕೋಟು, ಸ್ವೆಟರುಗಳ ಗುಂಡಿ, ಜಿಪ್ಪು ತೆಗೆದು, ಬಣ್ಣವಾರು ಬೇರ್ಪಡಿಸಿ, ಯಂತ್ರದಲ್ಲಿ ಹರಿದು ಮತ್ತೆ ಎಳೆ ಮಾಡಿ ನೂಲುತ್ತಾರೆ. ಪ್ರವಾಹ, ಭೂಕಂಪದ ಸಂತ್ರಸ್ತರಿಗೆ ಹಂಚುವ ಅಗ್ಗದ ಕಂಬಳಿಗಳಲ್ಲಿ ಈ ಬಗೆಯವು ಬಹಳ. ಹರಿಯುವಾಗ ಎಳೆಗಳು ತುಂಡಾಗಿ ಗಿಡ್ಡವಾಗುತ್ತವೆ. ಗಿಡ್ಡ ಎಳೆ ಎಂದರೆ ಒಂದೇ ಅಳತೆಯ ನೂಲಿನಲ್ಲಿ ಹೆಚ್ಚು ತುದಿಗಳು; ತುದಿ ಹೆಚ್ಚಾದಷ್ಟೂ ಚುಚ್ಚುವುದು ಹೆಚ್ಚು, ಧೂಳಿನಂತೆ ಉದುರುವುದೂ ಹೆಚ್ಚು. ಬೆಚ್ಚಗಂತೂ ಇರುತ್ತದೆ, ಒಳಗೊಂದು ಹತ್ತಿಯ ದುಪ್ಪಟಿ ಹಾಕಿಕೊಂಡರೆ ಆಯಿತು.

ಚೀಟಿಯ ಮೇಲೆ ನಂಬಿಕೆ ಹುಟ್ಟದಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಒಳಹೊಲಿಗೆಯ ಸಂದಿಯಿಂದ ಒಂದೆರಡು ಅಂಗುಲದ ನೂಲನ್ನು ಕತ್ತರಿಸಿ ತೆಗೆದು, ಇಕ್ಕಳದಲ್ಲಿ ಹಿಡಿದು, ಬಚ್ಚಲ ಮನೆಯಲ್ಲೋ ಸಿಂಕಿನ ಮೇಲೋ ಬೆಂಕಿಕಡ್ಡಿ ತಾಗಿಸಿ. ಉಣ್ಣೆಯಾದರೆ ಸುರುಟಿಕೊಳ್ಳುತ್ತ ನಿಧಾನವಾಗಿ ಉರಿದು, ಕಡ್ಡಿ ದೂರ ಮಾಡಿದರೆ ತಾನಾಗಿ ಆರುತ್ತದೆ. ಕೂದಲು ಸುಟ್ಟ ವಾಸನೆ ಬರುತ್ತದೆ. ಉಳಿದ ಕರಿಯನ್ನು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಕರಗಿ ಉರಿಯುತ್ತಲೇ ಇರುತ್ತದೆ, ಕೊನೆಗೆ ಗಟ್ಟಿಯಾದ ಕಪ್ಪು ಮಣಿ ಉಳಿಯುತ್ತದೆ. ಬೆರಕೆ ನೂಲಿನಲ್ಲಿ ಎರಡೂ ಲಕ್ಷಣ ಒಟ್ಟಿಗೆ ಕಾಣುತ್ತವೆ, ಪ್ರಮಾಣ ಗೊತ್ತಾಗುವುದಿಲ್ಲ.

ಇನ್ನು ಚುಚ್ಚುವುದು. ‘ನನಗೆ ಉಣ್ಣೆ ಆಗಿಬರುವುದಿಲ್ಲ, ಅಲರ್ಜಿ’ ಎನ್ನುವವರು ಬಹಳ. ನಿಜವಾದ ಅಲರ್ಜಿ ಅಪರೂಪ. ಹೆಚ್ಚಿನವರಿಗೆ ಆಗುವುದು ಬರೀ ಚುಚ್ಚುವಿಕೆ, ಅದಕ್ಕೆ ಕಾರಣ ಎಳೆಯ ದಪ್ಪ. ಆಸ್ಟ್ರೇಲಿಯಾದ ಸಂಶೋಧಕರು 1980ರ ದಶಕದಲ್ಲಿ ಇದನ್ನು ಕೂಲಂಕಷವಾಗಿ ಪರಿಶೀಲಿಸಿದರು. ಬಟ್ಟೆಯ ಮೇಲ್ಮೈಯಿಂದ ಹೊರಚಾಚಿದ ಎಳೆಯ ತುದಿ ತೆಳ್ಳಗಿದ್ದರೆ ಚರ್ಮಕ್ಕೆ ತಾಗಿದ ತಕ್ಷಣ ಬಾಗುತ್ತದೆ. ದಪ್ಪವಾಗಿದ್ದರೆ ಬಾಗದೆ ಒತ್ತುತ್ತದೆ, ಚರ್ಮದಡಿಯ ನೋವಿನ ನರತುದಿಗಳು ಅದನ್ನು ಗುರುತಿಸುತ್ತವೆ. ಆ ಗಡಿ ಸುಮಾರು 30 ಮೈಕ್ರಾನ್ ದಪ್ಪ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್. ನಮ್ಮ ತಲೆಗೂದಲು ಸಾಮಾನ್ಯವಾಗಿ 60–80 ಮೈಕ್ರಾನಿನ ಆಸುಪಾಸಿನಲ್ಲಿರುತ್ತದೆ. ಒಂದು ಬಟ್ಟೆಯ ಎಳೆಗಳಲ್ಲಿ ಶೇ. 5ಕ್ಕಿಂತ ಹೆಚ್ಚು ಎಳೆಗಳು 30 ಮೈಕ್ರಾನ್ ದಾಟಿದರೆ ಬಹಳ ಜನಕ್ಕೆ ಚುಚ್ಚುತ್ತದೆ. ಅಂದರೆ ಸರಾಸರಿ ದಪ್ಪ ಕಡಿಮೆ ಇದ್ದರೂ ನಡುನಡುವೆ ಬೆರೆತ ಕೆಲವು ಒರಟು ಎಳೆಗಳೇ ಸಾಕು.

ಮೆರಿನೋ ಎಂಬ ಹೆಸರಿಗೆ ಇಷ್ಟು ಬೆಲೆ ಬಂದಿರುವುದು ಇದಕ್ಕೇ. ಆ ತಳಿಯ ಉಣ್ಣೆ ಹೆಚ್ಚಾಗಿ 24 ಮೈಕ್ರಾನಿಗಿಂತ ತೆಳು. ಬನಿಯನ್ನಿನಂತೆ ನೇರ ಮೈಗೆ ತಾಗುವ ಬಟ್ಟೆಗೆ ಬಳಸುವುದು ಹದಿನೆಂಟೂವರೆ ಮೈಕ್ರಾನಿನ ಸುತ್ತಮುತ್ತಲಿನ, ಇನ್ನೂ ತೆಳುವಾದ ಎಳೆ. ‘ಲ್ಯಾಂಬ್ಸ್‌ವೂಲ್’ ಎಂದಿದ್ದರೆ ಮರಿಯ ಮೊದಲ ಕತ್ತರಿಕೆಯ ಉಣ್ಣೆ. ಒಮ್ಮೆಯೂ ಕತ್ತರಿ ಕಾಣದ ಆ ಎಳೆಯ ಒಂದು ತುದಿ ಹುಟ್ಟಿನಿಂದಲೇ ಮೊನಚಾಗಿ ಸಣ್ಣಗಾಗಿರುತ್ತದೆ, ಹಾಗಾಗಿ ಅದೇ ತಳಿಯ ದೊಡ್ಡ ಕುರಿಯ ಉಣ್ಣೆಗಿಂತ ಮೃದು. ಚೀಟಿಯಲ್ಲಿ ಬರೀ ‘ವೂಲ್ 100%’ ಎಂದಿದ್ದರೆ ಎಳೆ 20 ಮೈಕ್ರಾನಿನದೂ ಆಗಿರಬಹುದು, 35ರದ್ದೂ ಆಗಿರಬಹುದು. ನಾನು ಹೇಳಿದ ಆ ಮುಚ್ಚಿಟ್ಟ ಮಾಹಿತಿ ಇದೇ. ಮೈಕ್ರಾನ್ ಬರೆದಿರುವ ಮಾರಾಟಗಾರರು ಕಂಡರೆ ಅವರಿಗೆ ತಮ್ಮ ಸರಕು ಗೊತ್ತಿದೆ ಎಂದು ತಿಳಿಯಬಹುದು.

ಬರೆದಿಲ್ಲದಾಗ ಮೈಯಲ್ಲೇ ಪರೀಕ್ಷಿಸಬೇಕು. ಅಂಗಡಿಯಲ್ಲಿ ಎಲ್ಲರೂ ಮಾಡುವುದು ಅಂಗೈಯಿಂದ ಸವರಿ ನೋಡುವುದು. ಅದರಿಂದ ಬಟ್ಟೆಯ ನಯ ತಿಳಿಯುತ್ತದೆಯೇ ಹೊರತು ಚುಚ್ಚುವಿಕೆ ತಿಳಿಯುವುದಿಲ್ಲ; ಅಂಗೈ, ಬೆರಳ ತುದಿಯ ಗಟ್ಟಿ ಚರ್ಮಕ್ಕೆ ಆ ಸಂವೇದನೆಯೇ ಇಲ್ಲ. ಸ್ವೆಟರಿನ ಕೊರಳ ಪಟ್ಟಿಯನ್ನು ಕತ್ತಿನ ಪಕ್ಕಕ್ಕೋ ಮುಂಗೈಯ ಒಳಮೈಗೋ ಒತ್ತಿ, ಅರ್ಧ ನಿಮಿಷ ಹಾಗೇ ಹಿಡಿಯಿರಿ. ಇನ್ನೊಂದು ಮಾತು: ಬೆಚ್ಚಗಿನ, ಸ್ವಲ್ಪ ಬೆವರಿದ ಚರ್ಮಕ್ಕೆ ಚುಚ್ಚುವುದು ಹೆಚ್ಚು ಗೊತ್ತಾಗುತ್ತದೆ. ಏಸಿ ಅಂಗಡಿಯಲ್ಲಿ ಹಿತವೆನಿಸಿದ ಸ್ವೆಟರ್ ಸಂಜೆ ತುಂಬಿದ ಬಸ್ಸಿನಲ್ಲಿ ಕತ್ತು ಕೆರೆಯುವಂತೆ ಮಾಡುವುದು ಇದರಿಂದಲೇ. ಚುಚ್ಚುವ ಸ್ವೆಟರ್ ಈಗಾಗಲೇ ಮನೆಯಲ್ಲಿದ್ದರೆ ಒಳಗೆ ಕಾಲರ್ ಇರುವ, ತುಂಬುತೋಳಿನ ಹತ್ತಿ ಅಂಗಿ ಹಾಕಿದರೆ ಸಾಕು. ಎಕ್ಸಿಮಾ ಇರುವವರು ಮತ್ತು ಎಳೆ ಮಕ್ಕಳಿಗೆ ಒರಟು ಉಣ್ಣೆಯನ್ನು ನೇರ ಮೈಗೆ ಹಾಕಲೇಬಾರದು.

ಬೆಚ್ಚಗಿರುವ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ನಮ್ಮನ್ನು ಬೆಚ್ಚಗಿಡುವುದು ಉಣ್ಣೆಯ ಎಳೆಗಳ ನಡುವೆ ಕದಲದೆ ನಿಂತ ಗಾಳಿ. ಉಣ್ಣೆಯ ಎಳೆ ಹುಟ್ಟಿನಿಂದಲೇ ಸುರುಳಿಸುರುಳಿಯಾಗಿರುವುದರಿಂದ ಒಂದಕ್ಕೊಂದು ಒತ್ತಿಕೊಳ್ಳದೆ ಉಬ್ಬಿರುತ್ತದೆ, ಹೆಚ್ಚು ಗಾಳಿ ಹಿಡಿದಿಡುತ್ತದೆ. ಹಾಗಾಗಿ ಅಳತೆಗೆ ಸರಿಯಾದ, ಸ್ವಲ್ಪ ಉಬ್ಬಿದ ಹೆಣಿಗೆಯ ಸ್ವೆಟರ್ ಬಿಗಿಯಾಗಿ ಮೈಗಂಟಿದ ಸ್ವೆಟರಿಗಿಂತ ಬೆಚ್ಚಗಿರುತ್ತದೆ. ಅದೇ ಕಾರಣಕ್ಕೆ ಗಾಳಿ ಬೀಸುವಲ್ಲಿ, ಬೈಕಿನ ಮೇಲೆ, ಸಡಿಲ ಹೆಣಿಗೆಯ ಸ್ವೆಟರ್ ಒಂದೇ ಸಾಲದು. ಮೇಲೊಂದು ಗಾಳಿ ತಡೆಯುವ ಜಾಕೆಟ್ ಬೇಕು. ಉಣ್ಣೆಗೇ ವಿಶೇಷವಾದ ಗುಣವೆಂದರೆ ಅದು ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ನೀರಾವಿಯನ್ನು ಎಳೆಯೊಳಗೆ ಹೀರಿಕೊಂಡೂ ಒದ್ದೆಯೆನಿಸುವುದಿಲ್ಲ, ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಮಡಿಕೇರಿಯ ಮಂಜಿನಲ್ಲಿ ಇದರ ಬೆಲೆ ತಿಳಿಯುತ್ತದೆ. ರಗ್ಗು ಕೊಳ್ಳುವಾಗ ತೂಕ ಕೇಳಿ. ಎರಡು ರಗ್ಗುಗಳ ಉದ್ದಗಲ ಒಂದೇ ಆಗಿದ್ದು, ಎರಡೂ ಉಣ್ಣೆಯವೇ ಆಗಿದ್ದರೆ, ಹೆಚ್ಚು ತೂಗುವುದರಲ್ಲಿ ಉಣ್ಣೆ ಹೆಚ್ಚಿದೆ, ಸಾಮಾನ್ಯವಾಗಿ ಅದೇ ಬೆಚ್ಚಗಿರುತ್ತದೆ.

ಇನ್ನು ಕುಗ್ಗುವ ವಿಷಯ. ಜನ ಹೆಚ್ಚು ಹೆದರುವುದೂ, ಹೆಚ್ಚು ತಪ್ಪಾಗಿ ತಿಳಿದಿರುವುದೂ ಇದನ್ನೇ.

ಉಣ್ಣೆಯ ಎಳೆಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಅದರ ಮೈಮೇಲೆ ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಹೊದ್ದ ಪೊರೆಗಳು ಕಾಣುತ್ತವೆ. ಎಲ್ಲ ಪೊರೆಗಳ ಅಂಚೂ ಎಳೆಯ ತುದಿಯ ಕಡೆಗೇ ಮುಖ ಮಾಡಿರುತ್ತವೆ. ಹೀಗಾಗಿ ಎಳೆ ಒಂದು ದಿಕ್ಕಿಗೆ ಸಲೀಸಾಗಿ ಜಾರುತ್ತದೆ, ಎದುರು ದಿಕ್ಕಿಗೆ ತೊಡರುತ್ತದೆ. ಒಣಗಿದ ಸ್ವೆಟರಿನಲ್ಲಿ ಇದರಿಂದ ತೊಂದರೆಯಿಲ್ಲ. ನೀರಲ್ಲಿ ನೆನೆದಾಗ ಎಳೆ ಉಬ್ಬುತ್ತದೆ, ಮೆತ್ತಗಾಗುತ್ತದೆ, ಪೊರೆಯ ಅಂಚುಗಳು ಮೇಲೇಳುತ್ತವೆ. ಆಗ ಬಟ್ಟೆಯನ್ನು ಉಜ್ಜಿದರೆ, ತಿರುವಿದರೆ, ಪ್ರತಿ ಅಲುಗಾಟಕ್ಕೂ ಪ್ರತಿ ಎಳೆ ಒಂದೇ ದಿಕ್ಕಿಗೆ ಒಂದಿಷ್ಟು ಸರಿಯುತ್ತದೆ, ಹಿಂದಕ್ಕೆ ಬರಲಾರದೆ ಪಕ್ಕದ ಎಳೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಸಾವಿರಾರು ಎಳೆಗಳು ಹೀಗೆ ಸರಿದು ಸಿಕ್ಕಿಕೊಂಡು ಬಟ್ಟೆ ದಪ್ಪವಾಗಿ, ಗಟ್ಟಿಯಾಗಿ, ಚಿಕ್ಕದಾಗುತ್ತದೆ. ದೊಡ್ಡವರ ಸ್ವೆಟರ್ ಮಗುವಿಗೆ ಆಗುವಷ್ಟಾಗುವುದು ಹೀಗೆ.

ಹಾಗಾದರೆ ಬಿಸಿನೀರು ಅಲ್ಲವೇ ಕಾರಣ? ಬಿಸಿ ಸಹಾಯ ಮಾಡುತ್ತದೆ, ಆದರೆ ಮುಖ್ಯ ಅಪರಾಧಿ ಅಲುಗಾಟ. ಕಾರ್ಖಾನೆಗಳಲ್ಲಿ ಉಣ್ಣೆಗೆ ಬಣ್ಣ ಹಾಕುವುದು ಬಹುತೇಕ ಕುದಿಯುವ ನೀರಿನಲ್ಲೇ. ಆದರೂ ಅದು ಗಂಟಾಗುವುದಿಲ್ಲ, ಏಕೆಂದರೆ ಉಣ್ಣೆಯನ್ನು ಅಲ್ಲಿ ಆದಷ್ಟು ಕದಲದಂತೆ ಇಟ್ಟಿರುತ್ತಾರೆ. ಅದೇ ಉಣ್ಣೆಯನ್ನು ಬರೀ ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿ, ಬಟ್ಟೆ ಸೋಪು ಹಚ್ಚಿ, ಒಗೆಯುವ ಕಲ್ಲಿನ ಮೇಲೆ ಉಜ್ಜಿದರೆ ಕೆಲವೇ ನಿಮಿಷಗಳಲ್ಲಿ ಕೆಡುತ್ತದೆ. ಕ್ಷಾರವಿರುವ ಸೋಪು, ಬಿಸಿ, ಉಜ್ಜಾಟ ಮೂರೂ ಸೇರಿದಾಗ ಉಳಿಯುವ ದಾರಿಯೇ ಇಲ್ಲ. ಮೇಲಿಂದ ಬಟ್ಟೆ ಹಾಕುವ, ತಳದಲ್ಲಿ ತಟ್ಟೆ ಗಿರಗಿರ ತಿರುಗುವ ವಾಷಿಂಗ್ ಮೆಷಿನ್ನಿನ ಮಾಮೂಲಿ ಓಟವೂ ಉಣ್ಣೆಯ ಪಾಲಿಗೆ ಉಜ್ಜಾಟವೇ.

ಇದಲ್ಲದೆ ಇನ್ನೊಂದು ಬಗೆಯ ಕುಗ್ಗುವಿಕೆಯೂ ಇದೆ, ಎರಡನ್ನೂ ಬೇರೆ ಮಾಡಿ ನೋಡಬೇಕು. ಕಾರ್ಖಾನೆಯಲ್ಲಿ ಹೆಣೆದ ಬಟ್ಟೆಯನ್ನು ಆವಿ ಹಾಯಿಸಿ ಎಳೆದು ಅಳತೆಗೆ ತಂದಿರುತ್ತಾರೆ. ಮೊದಲ ಸಲ ನೀರಿಗೆ ಬಿದ್ದಾಗ ಆ ಎಳೆತ ಬಿಟ್ಟುಕೊಂಡು ಸ್ವೆಟರ್ ತನ್ನ ಸಹಜ ಅಳತೆಗೆ ಮರಳುತ್ತದೆ, ಒಂದೆರಡು ಸೆಂಟಿಮೀಟರ್ ಚಿಕ್ಕದಾದಂತೆ ಕಾಣುತ್ತದೆ. ಇದಕ್ಕೆ ಹೆದರಬೇಕಿಲ್ಲ, ಒದ್ದೆಯಿರುವಾಗ ಕೈಯಿಂದ ಮೆಲ್ಲಗೆ ಎಳೆದು ಸರಿಪಡಿಸಬಹುದು. ಗುರುತಿಸುವುದು ಸುಲಭ. ಹೆಣಿಗೆಯ ಕುಣಿಕೆಗಳು ಮೊದಲಿನಂತೆ ಬಿಡಿಬಿಡಿಯಾಗಿ ಕಂಡರೆ ಇದು ಬರೀ ಎಳೆತ ಬಿಟ್ಟದ್ದು. ಕುಣಿಕೆಗಳು ಮಸುಕಾಗಿ, ಮೇಲ್ಮೈ ರೋಮ ರೋಮವಾಗಿ ಮುಚ್ಚಿಕೊಂಡು, ಹಿಡಿದರೆ ರಟ್ಟಿನಂತಾಗಿದ್ದರೆ ಎಳೆಗಳು ಸಿಕ್ಕಿಕೊಂಡಿವೆ, ಅದು ಹಿಂದಿರುಗದು.

‘ಸೂಪರ್‌ವಾಶ್’, ‘ಮೆಷಿನ್ ವಾಶಬಲ್ ವೂಲ್’ ಎಂದು ಬರೆದ ಬಟ್ಟೆಯಲ್ಲಿ ಈ ಪೊರೆಗಳಿಗೇ ಮದ್ದು ಮಾಡಿರುತ್ತಾರೆ. ಸಾಮಾನ್ಯ ವಿಧಾನದಲ್ಲಿ ಕ್ಲೋರಿನ್‌ನಿಂದ ಪೊರೆಯ ಅಂಚನ್ನು ಸವೆಸಿ, ಮೇಲೆ ತೆಳುವಾದ ರಾಳದ ಲೇಪ ಕೊಡುತ್ತಾರೆ. ಆಮೇಲೆ ಎಳೆ ಎರಡೂ ದಿಕ್ಕಿಗೆ ಸಲೀಸಾಗಿ ಜಾರುತ್ತದೆ, ಸಿಕ್ಕಿಕೊಳ್ಳುವುದಿಲ್ಲ. ಇಂಥದ್ದನ್ನು ಮೆಷಿನ್ನಿನ ಉಣ್ಣೆ ಓಟಕ್ಕೆ ಹಾಕಬಹುದು. ಅದರ ತೊಂದರೆ ತಿರುಗುಮುರುಗು: ಕುಗ್ಗುವ ಬದಲು ಒದ್ದೆಯಲ್ಲಿ ಜೋಲುತ್ತದೆ.

ಈಗ ಒಂದು ಸ್ವೆಟರನ್ನು ಎದುರಿಗಿಟ್ಟುಕೊಂಡೇ ಒಗೆಯೋಣ. ಅದರ ಚೀಟಿ ಹೀಗಿದೆ ಎನ್ನಿ: ‘ಲ್ಯಾಂಬ್ಸ್‌ವೂಲ್ 80%, ನೈಲಾನ್ 20%’. ಕೆಳಗೆ ಐದು ಚಿಹ್ನೆ. ನೀರಿನ ತೊಟ್ಟಿಯೊಳಗೆ ಕೈ ಇದ್ದರೆ ಕೈಯಲ್ಲೇ ಒಗೆಯಿರಿ ಎಂದರ್ಥ. ತ್ರಿಕೋನಕ್ಕೆ ಕಾಟು ಹಾಕಿದ್ದರೆ ಬ್ಲೀಚ್ ಕೂಡದು. ಚೌಕದ ನಡುವೆ ಅಡ್ಡಗೆರೆಯಿದ್ದರೆ ಹಾಸಿ ಒಣಗಿಸಿ, ನೇತು ಹಾಕಬೇಡಿ. ಎರಡು ಚುಕ್ಕೆಯ ಇಸ್ತ್ರಿಪೆಟ್ಟಿಗೆ ಇದ್ದರೆ ಮಧ್ಯಮ ಬಿಸಿ. ವೃತ್ತದೊಳಗಿನ P ಅಕ್ಷರ ಡ್ರೈಕ್ಲೀನ್ ಮಾಡುವವರಿಗೆ, ಯಾವ ದ್ರಾವಕ ಬಳಸಬಹುದೆಂಬ ಸೂಚನೆ. ತೊಟ್ಟಿಗೇ ಕಾಟು ಹಾಕಿದ್ದರೆ ನೀರಿಗೆ ಹಾಕಲೇಬಾರದು. ಒಳಗೆ ಅಸ್ತರಿ, ಭುಜಕ್ಕೆ ಪ್ಯಾಡ್ ಇರುವ ಕೋಟುಗಳಲ್ಲಿ ಇದು ಸಾಮಾನ್ಯ.

ನೀರಿಗೆ ಹಾಕುವ ಮೊದಲು ಟೇಪು ತಗೊಳ್ಳಿ. ಸ್ವೆಟರನ್ನು ಮೇಜಿನ ಮೇಲೆ ಹಾಸಿ ಎದೆಯ ಅಗಲ, ಭುಜದಿಂದ ಕೆಳಗಿನ ಉದ್ದ, ತೋಳಿನ ಉದ್ದ ಬರೆದಿಟ್ಟುಕೊಳ್ಳಿ. ನಮ್ಮ ಸ್ವೆಟರಿಗೆ 52, 68, 60 ಸೆಂಟಿಮೀಟರ್ ಎಂದಿರಲಿ. ಈ ಕೆಲಸವನ್ನು ಯಾರೂ ಮಾಡುವುದಿಲ್ಲ, ಆಮೇಲೆ ಎಷ್ಟಿತ್ತು ಎಂದು ಪೇಚಾಡುತ್ತಾರೆ. ಸ್ವೆಟರನ್ನು ಒಳಮೈ ಹೊರಗೆ ಮಾಡಿ. ಅಗಲವಾದ ಟಬ್ಬಿನಲ್ಲಿ ಸ್ವೆಟರ್ ಆರಾಮಾಗಿ ಮುಳುಗುವಷ್ಟು ನೀರು ಬೇಕು. ಕಡಿಮೆ ನೀರಾದರೆ ಉಜ್ಜಬೇಕಾಗುತ್ತದೆ. ನೀರು 30 ಡಿಗ್ರಿ ಮೀರಬಾರದು, ಅಂದರೆ ಕೈಯಿಟ್ಟರೆ ಬಿಸಿಯೆಂದು ಅನ್ನಿಸಬಾರದು. ನಲ್ಲಿಯ ತಣ್ಣೀರೇ ನಡೆಯುತ್ತದೆ.

ಸೋಪಿನ ವಿಷಯದಲ್ಲಿ ರಾಜಿ ಬೇಡ. ದಿನನಿತ್ಯದ ವಾಷಿಂಗ್ ಪೌಡರ್ ಕ್ಷಾರೀಯ. ಕಲೆ ತೆಗೆಯುವ ಕಿಣ್ವಗಳಿರುವ ಪುಡಿಗಳಲ್ಲಿ ಪ್ರೋಟೀನನ್ನು ಕರಗಿಸುವ ಕಿಣ್ವ ಇರಬಹುದು. ಉಣ್ಣೆಯೇ ಪ್ರೋಟೀನ್ ಆದ್ದರಿಂದ ಕಲೆಯ ಜೊತೆಗೆ ಎಳೆಯನ್ನೂ ಅದು ತಿನ್ನುತ್ತದೆ. ಕ್ಲೋರಿನ್ ಬ್ಲೀಚಂತೂ ಉಣ್ಣೆಯನ್ನು ಕರಗಿಸಿಯೇಬಿಡುತ್ತದೆ. ಉಣ್ಣೆಗೆಂದೇ ಸಿಗುವ ದ್ರವ ಸೋಪನ್ನು ಬಾಟಲಿಯ ಮೇಲೆ ಹೇಳಿದ ಅಳತೆಯಲ್ಲಿ ಹಾಕಿ, ಮೊದಲೇ ನೀರಿನಲ್ಲಿ ಚೆನ್ನಾಗಿ ಕದಡಿ, ಆಮೇಲೆ ಸ್ವೆಟರ್ ಮುಳುಗಿಸಿ. ಅದಿಲ್ಲದಿದ್ದರೆ ಅಂಟುವಾಳ ಕಾಯಿ ಇದೆಯಲ್ಲ! ಬೀಜ ತೆಗೆದ ಸಿಪ್ಪೆಯನ್ನು ನೆನೆಹಾಕಿ, ಕಿವುಚಿ, ಸೋಸಿದ ನೀರು ರೇಷ್ಮೆಗೆ ಹೇಗೋ ಉಣ್ಣೆಗೂ ಹಾಗೆಯೇ ಮೃದು. ತಿಳಿ ಬಣ್ಣದ ಬಟ್ಟೆಗೆ ಮಾತ್ರ ಅದರ ಕಂದು ಛಾಯೆ ಸ್ವಲ್ಪ ಹತ್ತಬಹುದು.

ಹತ್ತು ನಿಮಿಷ ನೆನೆಯಲಿ. ಅಂಗೈಯಿಂದ ಮೇಲಿನಿಂದ ಕೆಳಕ್ಕೆ ಒತ್ತಿ ಬಿಡಿ, ಒತ್ತಿ ಬಿಡಿ; ಉಜ್ಜುವುದು, ಹಿಂಡುವುದು, ಬ್ರಷ್ ತಿಕ್ಕುವುದು ಬೇಡ. ಕಾಲರು, ಕೈಪಟ್ಟಿಯ ಕೊಳೆಗೆ ಅದೇ ದ್ರವವನ್ನು ಬೆರಳಲ್ಲಿ ತಟ್ಟಿ ಬಿಟ್ಟರೆ ಸಾಕು. ಆಮೇಲೆ ಎರಡೂ ಕೈಯನ್ನು ಕೆಳಗೆ ಕೊಟ್ಟು ಪೂರ್ತಿ ಸ್ವೆಟರನ್ನು ಒಟ್ಟಿಗೆ ಎತ್ತಿ. ಭುಜ ಹಿಡಿದು ಎತ್ತಿದರೆ ಹೀರಿದ ನೀರಿನ ಭಾರಕ್ಕೆ ಉಳಿದದ್ದು ಜೋತುಬಿದ್ದು ಉದ್ದವಾಗುತ್ತದೆ. ಮೊದಲಿನಷ್ಟೇ ಹದದ ನೀರಿನಲ್ಲಿ, ನೊರೆ ಹೋಗುವವರೆಗೆ, ಹಾಗೆಯೇ ಒತ್ತಿ ಜಾಲಿಸಿ. ಬೋರ್‌ವೆಲ್ಲಿನ ಗಡಸು ನೀರಾದರೆ ಕೊನೆಯ ನೀರಿಗೆ ಒಂದೆರಡು ಚಮಚ ಬಿಳಿ ವಿನೆಗರ್ ಹಾಕಿದರೆ ಎಳೆಯ ಮೇಲೆ ಉಳಿದ ಸೋಪಿನ ಜಿಡ್ಡು ಬಿಡುತ್ತದೆ.

ಒಣಗಿಸುವುದು ಅರ್ಧ ಕೆಲಸ. ದೊಡ್ಡ ಒಣ ಟವೆಲ್ಲಿನ ಮೇಲೆ ಸ್ವೆಟರ್ ಹಾಸಿ, ಎರಡನ್ನೂ ಒಟ್ಟಿಗೆ ಚಾಪೆಯ ಹಾಗೆ ಸುತ್ತಿ, ಮೇಲೆ ಮೊಣಕಾಲಿನಿಂದ ಒತ್ತಿ. ನೀರೆಲ್ಲ ಟವೆಲ್ಲಿಗೆ ಇಳಿಯುತ್ತದೆ. ಜಾಲರಿ ಚೀಲದಲ್ಲಿ ಹಾಕಿ ಮೆಷಿನ್ನಿನಲ್ಲಿ ಸ್ವಲ್ಪ ಹೊತ್ತು ಬರೀ ಸ್ಪಿನ್ ಮಾಡಿದರೂ ತೊಂದರೆಯಿಲ್ಲ. ಆಗ ಬಟ್ಟೆ ಡ್ರಮ್ಮಿನ ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆಯೇ ಹೊರತು ಹೊರಳಾಡುವುದಿಲ್ಲ. ಬಳಿಕ ಬೇರೊಂದು ಒಣ ಬಟ್ಟೆಯ ಮೇಲೆ ನೆರಳಿನಲ್ಲಿ ಹಾಸಿ, ಟೇಪು ಹಿಡಿದು ಅಳೆಯಿರಿ. ಅಗಲ 51, ಉದ್ದ 66 ಬಂತೆನ್ನಿ. ಅಂಚುಗಳನ್ನು ಬೆರಳುಗಳಿಂದ ಅಲ್ಲಲ್ಲಿ ಸ್ವಲ್ಪ ಸ್ವಲ್ಪವೇ ಎಳೆದು 52ಕ್ಕೆ, 68ಕ್ಕೆ ತಂದು ಹಾಗೇ ಬಿಡಿ. ಒಣಗಿದಾಗ ಬಹುಮಟ್ಟಿಗೆ ಅದೇ ಅಳತೆಯಲ್ಲಿ ನಿಲ್ಲುತ್ತದೆ. ತಾರಸಿಯ ತಂತಿಗೆ ಕ್ಲಿಪ್ ಹಾಕಿ ನೇತುಬಿಟ್ಟರೆ ಭುಜದಲ್ಲಿ ಎರಡು ಗುಬಟೆ ಎದ್ದು, ಕೆಳಗೆ ಮೊಣಕಾಲು ಮುಟ್ಟುವ ಅಂಗಿ ಆಗುತ್ತದೆ. ಎಷ್ಟೋ ಮನೆಗಳಲ್ಲಿ ಸ್ವೆಟರ್ ಕೆಡುವುದು ಒಗೆಯುವಾಗಲ್ಲ, ತಂತಿಯ ಮೇಲೆ.

ಉಣ್ಣೆಯನ್ನು ಪ್ರತಿ ಸಲ ಹಾಕಿದ ಮೇಲೂ ಒಗೆಯಬೇಕಿಲ್ಲ. ರಾತ್ರಿ ಗಾಳಿಗೆ ಹರವಿಟ್ಟರೆ ಬೆವರಿನ ವಾಸನೆ ಹೋಗುತ್ತದೆ. ಕೊಳೆ ಕಂಡಾಗ, ಮತ್ತು ಚಳಿ ಮುಗಿದು ಒಳಗಿಡುವ ಮೊದಲು ಒಗೆದರೆ ಸಾಕು.

ಈಗಾಗಲೇ ಕುಗ್ಗಿಹೋದದ್ದನ್ನು ಏನು ಮಾಡುವುದು? ಉಗುರುಬೆಚ್ಚಗಿನ ನೀರಿಗೆ ತಲೆಗೂದಲಿಗೆ ಹಚ್ಚುವ ಕಂಡಿಷನರ್ ಒಂದೆರಡು ಚಮಚ ಕದಡಿ, ಅರ್ಧ ಗಂಟೆ ನೆನೆಸಿ, ಟವೆಲ್ಲಿನಲ್ಲಿ ಒತ್ತಿ, ಹಳೆಯ ಅಳತೆಗೆ ಎಳೆಯುತ್ತ ಹೋಗುವುದು ಒಂದು ಉಪಾಯ. ಕಂಡಿಷನರ್ ಪೊರೆಗಳ ಮೇಲೆ ಜಾರು ಹಚ್ಚುತ್ತದೆ, ಅಷ್ಟೇ. ಎಳೆತ ಬಿಟ್ಟು ಕುಗ್ಗಿದ್ದರೆ, ಇಲ್ಲವೇ ಸಿಕ್ಕು ಈಗಷ್ಟೇ ಶುರುವಾಗಿದ್ದರೆ ಒಂದಿಷ್ಟು ಮರಳುತ್ತದೆ. ರಟ್ಟಿನಂತಾದದ್ದಕ್ಕೆ ಯಾವ ಮದ್ದೂ ಇಲ್ಲ. ಅದನ್ನು ಕತ್ತರಿಸಿ ಟೀಪಾಟಿಗೆ ಹೊದಿಕೆಯನ್ನೋ ಚಪ್ಪಲಿಯ ಒಳಪದರವನ್ನೋ ಮಾಡಬಹುದು, ಏಕೆಂದರೆ ಹಾಗೆ ಗಟ್ಟಿಯಾದ ಉಣ್ಣೆ ಕತ್ತರಿಸಿದರೂ ಬಿಚ್ಚಿಕೊಳ್ಳುವುದಿಲ್ಲ.

ಸ್ವೆಟರಿಗೆ ಶಾಪವಾದ ಈ ಗುಣವನ್ನೇ ನಮ್ಮ ಕಂಬಳಿ ವರವಾಗಿ ಬಳಸಿಕೊಂಡಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯ ಕುರುಬ ಕುಟುಂಬಗಳು ನೇಯುವ ಕರಿಕಂಬಳಿಗೆ ದಖನಿ ಕುರಿಯ ಉಣ್ಣೆ ಬೇಕು. ಅದು ಮೆರಿನೋ ಎಳೆಗಿಂತ ಬಹಳ ದಪ್ಪ, ನಡುನಡುವೆ ಒರಟು ಕೂದಲೂ ಇರುತ್ತದೆ. ಚುಚ್ಚುವ ಲೆಕ್ಕದಲ್ಲಿ ನೋಡಿದರೆ 30 ಮೈಕ್ರಾನಿನ ಗಡಿಯನ್ನು ಧಾರಾಳವಾಗಿ ದಾಟಿದ ಉಣ್ಣೆ. ಆದರೆ ಕಂಬಳಿಯನ್ನು ಯಾರೂ ಬನಿಯನ್ನಿನಂತೆ ಹಾಕುವುದಿಲ್ಲ. ಹೊದೆಯುತ್ತಾರೆ, ಹಾಸುತ್ತಾರೆ, ಮಳೆಗೆ ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಳ್ಳುತ್ತಾರೆ. ಬಯಲು ಸೀಮೆಯ ಕುರಿಗಾಹಿಯೂ ಮಲೆನಾಡಿನ ಗದ್ದೆಯಲ್ಲಿ ನಾಟಿ ಮಾಡುವವರೂ ಅದನ್ನು ನಂಬಿದ್ದು ಅದರ ಒರಟುತನಕ್ಕಾಗಿಯೇ. ದಪ್ಪ ಎಳೆ ತುಳಿದರೂ ಸವೆಯುವುದಿಲ್ಲ, ಕುರಿಯ ಮೈಯ ಜಿಡ್ಡು ಎಳೆಯಲ್ಲಿ ಉಳಿದಿರುವುದರಿಂದ ಹನಿ ತಕ್ಷಣ ಒಳಗಿಳಿಯುವುದಿಲ್ಲ, ಬಳಸುತ್ತ ಹೋದಂತೆ ಎಳೆಗಳು ಒಂದರಲ್ಲೊಂದು ಸಿಕ್ಕಿಕೊಂಡು ನೇಯ್ಗೆಯ ಸಂದುಗಳು ಮುಚ್ಚಿಕೊಳ್ಳುತ್ತವೆ. ಸ್ವೆಟರನ್ನು ಕೆಡಿಸುವ ಅದೇ ಸಿಕ್ಕು ಇಲ್ಲಿ ಗಾಳಿಯನ್ನೂ ಮಳೆಯನ್ನೂ ತಡೆಯುತ್ತದೆ.

ಹೊಸ ಕಂಬಳಿ ಮುಟ್ಟಿದರೆ ಸೆಟೆದುಕೊಂಡಿರುವುದು ಉಣ್ಣೆಯ ದೋಷವಲ್ಲ. ಕುಣಿಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲಿಗೆ ಹುಣಸೆ ಬೀಜ ಅರೆದು ಬೇಯಿಸಿದ ಗಂಜಿ ಹಚ್ಚುತ್ತಾರೆ. ಕೈಯಲ್ಲಿ ನೂತ ನೂಲಿಗೆ ಬಲ ಬರುವುದು ಅದರಿಂದ. ಮೊದಲ ಸಲ ನೀರು ಕಂಡಾಗ ಆ ಗಂಜಿ ಬಿಡುತ್ತದೆ, ಕಂಬಳಿ ಮೆತ್ತಗಾಗುತ್ತದೆ, ಸ್ವಲ್ಪ ಚಿಕ್ಕದೂ ಆಗುತ್ತದೆ. ಹಾಗಾಗಿ ಮಂಚದ ಅಳತೆಗೆ ಸರಿಯಾಗಿ ಕೊಳ್ಳದೆ ಒಂದು ಗೇಣು ಹೆಚ್ಚಿರುವುದನ್ನು ಕೊಳ್ಳುವುದು ಲೇಸು. ಕುರಿಯ ಸಹಜ ಕರಿ ಬಣ್ಣದ ಕಂಬಳಿಯಾದರೆ ಬಣ್ಣ ಬಿಡುವ ಭಯವಿಲ್ಲ. ಬಣ್ಣ ಹಾಕಿದ್ದೋ ಅಲ್ಲವೋ ತಿಳಿಯಲು ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಒಂದು ಮೂಲೆಗೆ ಒತ್ತಿ ಹಿಡಿದು ನೋಡಿ.

ಕಂಬಳಿ ಒಗೆಯುವುದು ವರ್ಷಕ್ಕೆ ಒಮ್ಮೆಯೂ ಬೇಡ. ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದರೆ ಧೂಳು ಹೋಗುತ್ತದೆ. ಒಗೆಯಲೇಬೇಕೆಂದರೆ ತಣ್ಣೀರು, ಅಂಟುವಾಳ, ಮತ್ತು ಇಬ್ಬರು ಜನ. ನೀರು ಕುಡಿದ ಕಂಬಳಿಯನ್ನು ಒಬ್ಬರೇ ಎತ್ತಿದರೆ ಅದರ ಭಾರಕ್ಕೆ ಒಂದು ಮೂಲೆ ಎಳೆದುಹೋಗುತ್ತದೆ. ಒಂದೇ ತಂತಿಯ ಮೇಲೆ ಹಾಕದೆ ಪಕ್ಕಪಕ್ಕದ ಮೂರು ನಾಲ್ಕು ತಂತಿಗಳ ಮೇಲೆ ಹರಡಿ, ಇಲ್ಲವೇ ಹಗ್ಗದ ಮಂಚದ ಮೇಲೆ ಹಾಸಿ ಒಣಗಿಸಿ. ಪೂರ್ತಿ ಒಣಗಿತೆಂದು ಅನ್ನಿಸಿದ ಮೇಲೂ ಇನ್ನೊಂದು ದಿನ ಬಿಡಬೇಕು, ಉಣ್ಣೆ ಒಳಗೆ ತೇವ ಇಟ್ಟುಕೊಂಡೂ ಹೊರಗೆ ಒಣಗಿದಂತೆ ತೋರುತ್ತದೆ. ತೇವವಿರುವಾಗ ಮಡಚಿದರೆ ಬೂಸ್ಟು ಹಿಡಿಯುತ್ತದೆ. ಬೆವರು, ಅನ್ನದ ಕಲೆ ಇರುವಂತೆಯೇ ಪೆಟ್ಟಿಗೆಗೆ ಹಾಕಿದರೆ ಆ ಕಲೆಯ ಜಾಗದಿಂದಲೇ ನುಸಿಹುಳದ ಮರಿಗಳು ತಿನ್ನಲು ಶುರು ಮಾಡುತ್ತವೆ. ಒಣ ಬೇವಿನೆಲೆಯನ್ನೋ ನುಸಿಗುಳಿಗೆಯನ್ನೋ ಇಡುವುದು ಆಮೇಲಿನ ಕೆಲಸ, ಅದೂ ಗುಳಿಗೆ ನೇರ ಬಟ್ಟೆಗೆ ತಾಗದಂತೆ ಕಾಗದದಲ್ಲಿ ಸುತ್ತಿ. ಮತ್ತೆ ಹೊದೆಯುವ ಮುನ್ನ ಒಂದು ದಿನ ಗಾಳಿಗೆ ಹಾಕಿ.